ಸೋರಿಕೆ ಮುಚ್ಚಿದ ಮನೆಗೆ ಮತ್ತೆ ಫ್ಯಾನ್ ಯಾಕೆ?

ಪ್ರಶ್ನೆ: ಮಿನ್ನೆಸೋಟಾದಲ್ಲಿ ಹೊಸ ಮನೆ ಕೊಂಡೆವು. ಬ್ಲೋವರ್ ಡೋರ್ ಟೆಸ್ಟ್‌ನಲ್ಲಿ 3 ಬಂದಿದೆ, ಸೋರಿಕೆ ಕಮ್ಮಿ ಅಂದ್ರು. ಆದ್ರೂ ಗಾಳಿಗೆ ಮಶೀನ್ ಬೇಕಂತೆ. ಮುಚ್ಚಿ ಮತ್ತೆ ತೆರೆಯೋದು ಯಾಕೆ?

ಉತ್ತರ: ಆ 3 ನೀವು ದಿನಾ ಉಸಿರಾಡುವ ಗಾಳಿಯ ಲೆಕ್ಕವಲ್ಲ. ಟೆಸ್ಟ್‌ನಲ್ಲಿ ಮುಂಬಾಗಿಲಿಗೆ ಫ್ಯಾನ್ ಕೂರಿಸಿ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ 50 ಪ್ಯಾಸ್ಕಲ್ ಇಳಿಯಬೇಕು. ಆಗ ಫ್ಯಾನ್ ಎಷ್ಟು ಎಳೆಯುತ್ತದೋ ಅಷ್ಟೇ ಗಾಳಿ ಬಿರುಕುಗಳಿಂದ ನುಗ್ಗುತ್ತಿರುತ್ತದೆ. ಸ್ವಿಚ್ ಬೋರ್ಡ್, ಅಟ್ಟದ ಮುಚ್ಚಳದ ಹತ್ತಿರ ಕೈ ಹಿಡಿದರೆ ತಣ್ಣಗೆ ತಾಗುತ್ತದೆ.

1,500 ಚದರ ಅಡಿಯ, 8 ಅಡಿ ಎತ್ತರದ ಮನೆ ಅಂದುಕೊಳ್ಳಿ. ಒಳಗೆ 12,000 ಘನ ಅಡಿ ಗಾಳಿ. ಫ್ಯಾನ್ ನಿಮಿಷಕ್ಕೆ 600 ಘನ ಅಡಿ ಎಳೆದರೆ ಗಂಟೆಗೆ 36,000. ಅಂದರೆ ಗಂಟೆಗೆ ಮೂರು ಸಲ ಗಾಳಿ ಬದಲು, ನಿಮ್ಮ ಟೆಸ್ಟ್‌ನ 3 ಅಂದರೆ ಇದೇ.

ಮಾಮೂಲಿ ದಿನ ಆ ಒತ್ತಡ ಎಲ್ಲಿರುತ್ತೆ? ಹಳೇ ಅಂದಾಜಿನಂತೆ ಆ 600ನ್ನು 20ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 30 ಘನ ಅಡಿ ಉಳಿಯುತ್ತದೆ. ಮೂರು ಬೆಡ್‌ರೂಮಿನ ಈ ಮನೆಗೆ, ಮನೆಯೊಳಗಿನ ಗಾಳಿಯ ಮಾನದಂಡವಾದ ಆಶ್ರೇ 62.2 ಕೇಳುವುದು ನಿಮಿಷಕ್ಕೆ 75. ಆ 30 ಕೂಡ ಸರಾಸರಿ ಅಷ್ಟೇ. ಚಳಿಗಾಲದಲ್ಲಿ ಜಾಸ್ತಿ ಸೋರುತ್ತದೆ, ಗಾಳಿಯಿಲ್ಲದ ವಸಂತದ ರಾತ್ರಿ ಹೆಚ್ಚುಕಡಿಮೆ ಸೊನ್ನೆ. ಬರುವ ಗಾಳಿಯೂ ಗ್ಯಾರೇಜಿನಿಂದ ಬಂದಿರಬಹುದು!

ಹಾಗಾಗಿ ನಿಮ್ಮಂಥ ಚಳಿ ಊರಿಗೆ ಎಚ್‌ಆರ್‌ವಿ ಅನ್ನೋ ಗಾಳಿ ಮಶೀನ್ ಸರಿ ಅನ್ನಿಸುತ್ತದೆ. ಅದು ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುತ್ತದೆ. ಅದನ್ನು ಹಾಕಿಸಿದ ಮೇಲೂ ಕಿಟಕಿ ಅಂಚಿನಲ್ಲಿ ದಿನಾ ನೀರು ಕಟ್ಟುತ್ತಿದ್ದರೆ, ಮೊದಲು ಎಚ್‌ಆರ್‌ವಿಯ ಫಿಲ್ಟರ್ ತೆಗೆದು ನೋಡಿ.