ಕೋಟೆ ಬೇಡ, ಲೆಕ್ಕ ಬರೆಯಿರಿ

"ಮೇಡಂ, ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಬೆಂಜೀನ್ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ಅದರ ಮೂರು ದ್ವಿಬಂಧಗಳು ಅತ್ತಿಂದಿತ್ತ ತುಂಬಾ ವೇಗವಾಗಿ ಓಡಾಡುವುದರಿಂದ ಬ್ರೋಮಿನ್ ಕೈಗೆ ಸಿಗುವುದಿಲ್ಲ, ಹಾಗಾಗಿ ಅದು ನಮ್ಮೂರ ಏಳುಸುತ್ತಿನ ಕೋಟೆಯಷ್ಟು ಭದ್ರ ಎಂದು ಬರೆದಿದ್ದೇನೆ. ಪ್ರಕಟಿಸಬಹುದೇ? ಮುಲಾಜಿಲ್ಲದೆ ಹೇಳಿ."

ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಓಡಾಟದ ಮೇಲೆ, ಆಮೇಲೆ ಕೋಟೆಯ ಮೇಲೆ.

ಮೊದಲು ಓಡಾಟ. ಇದು ನಿಮ್ಮದೇ ತಪ್ಪಲ್ಲ, ಜರ್ಮನಿಯ ರಸಾಯನಶಾಸ್ತ್ರಜ್ಞ ಕೆಕುಲೆಯಿಂದ ಬಂದ ಬಳುವಳಿ. 1865ರಲ್ಲಿ ಆತ ಬೆಂಜೀನಿಗೆ ಒಂದು ಬಿಟ್ಟು ಒಂದು ದ್ವಿಬಂಧ ಇರುವ ಉಂಗುರದ ರಚನೆ ಕೊಟ್ಟ. ಆ ಚಿತ್ರ ನಿಜವಾದರೆ ಅಕ್ಕಪಕ್ಕದ ಇಂಗಾಲಗಳ ಮೇಲೆ ಎರಡು ಬ್ರೋಮಿನ್ ಕೂರಿಸಿದಾಗ ಎರಡು ಬಗೆಯ ವಸ್ತು ಸಿಗಬೇಕು. ಒಂದರಲ್ಲಿ ಅವುಗಳ ನಡುವೆ ಏಕಬಂಧ, ಇನ್ನೊಂದರಲ್ಲಿ ದ್ವಿಬಂಧ. ಸಿಗುವುದು ಮಾತ್ರ ಒಂದೇ. ಅದಕ್ಕೆ 1872ರಲ್ಲಿ ಆತ, ಬಂಧಗಳು ಜಾಗ ಬದಲಿಸುತ್ತಲೇ ಇರುತ್ತವೆ ಎಂದು ತೇಪೆ ಹಾಕಿದ. ಇಲೆಕ್ಟ್ರಾನ್ ಎಂಬುದೊಂದು ಇದೆ ಅಂತಲೇ ಗೊತ್ತಿಲ್ಲದ ಕಾಲ ಅದು, ಆತನನ್ನು ಕ್ಷಮಿಸಬಹುದು. ನಿಮ್ಮನ್ನು ಕ್ಷಮಿಸುವುದು ಸ್ವಲ್ಪ ಕಷ್ಟ! ಮಾಮೂಲಿ ಇಂಗಾಲದ ಏಕಬಂಧದ ಉದ್ದ ಸುಮಾರು 154 ಪಿಕೋಮೀಟರ್, ದ್ವಿಬಂಧದ್ದು 134. ಬೆಂಜೀನಿನಲ್ಲಿ ಆರೂ ಬಂಧಗಳು 139. ಓಡಾಡುವ ದ್ವಿಬಂಧ ಅಲ್ಲಿ ಇಲ್ಲವೇ ಇಲ್ಲ. ಆರು ಇಲೆಕ್ಟ್ರಾನ್‌ಗಳು ಇಡೀ ಉಂಗುರಕ್ಕೆ ಹಂಚಿಹೋಗಿವೆ. ಪುಸ್ತಕದಲ್ಲಿ ಬಿಡಿಸುವ ಎರಡು ಚಿತ್ರಗಳು ನಮ್ಮ ಅನುಕೂಲಕ್ಕೆ ಅಷ್ಟೇ, ಬೆಂಜೀನ್ ಆ ಎರಡರಲ್ಲಿ ಯಾವುದೂ ಅಲ್ಲ.

ಇನ್ನು ಕೋಟೆ. ಕೋಟೆ ಎಂದರೆ ಗೋಡೆಯ ಹಿಂದೆ ಏನನ್ನೋ ಬಚ್ಚಿಡುವುದು, ಅಲ್ವಾ? ಬೆಂಜೀನಿನ ಆ ಇಲೆಕ್ಟ್ರಾನ್‌ಗಳು ಉಂಗುರದ ಮೇಲೆ ಮತ್ತು ಕೆಳಗೆ ಬಯಲಲ್ಲೇ ಬಿದ್ದಿವೆ. ಬ್ರೋಮಿನ್ ಹತ್ತಿರ ಬರಲು ಯಾವ ಅಡ್ಡಿಯೂ ಇಲ್ಲ. ಬಂದರೂ ವ್ಯವಹಾರ ಕುದುರುವುದಿಲ್ಲ, ಏಕೆಂದರೆ ಬೆಂಜೀನಿಗೆ ಅದರಲ್ಲಿ ನಷ್ಟ. ಈ ನಷ್ಟದ ಲೆಕ್ಕ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ನನಗೆ ಬೇಕಾದ್ದು ಅದೇ.

ಸೈಕ್ಲೋಹೆಕ್ಸೀನಿನಿಂದ ಶುರು ಮಾಡಿ. ಅದೂ ಆರು ಇಂಗಾಲದ ಉಂಗುರ, ಆದರೆ ದ್ವಿಬಂಧ ಒಂದೇ. ಅದಕ್ಕೆ ಹೈಡ್ರೋಜನ್ ಸೇರಿಸಿದರೆ ಒಂದು ಮೋಲ್‌ಗೆ ಸುಮಾರು 120 ಕಿಲೋಜೂಲ್ ಶಾಖ ಹೊರಬರುತ್ತದೆ. ಎರಡು ದ್ವಿಬಂಧ ಇರುವ 1,3-ಸೈಕ್ಲೋಹೆಕ್ಸಾಡೈಯೀನಿನಿಂದ 240 ಬರಬೇಕು, 232 ಬರುತ್ತದೆ. ಹೆಚ್ಚುಕಡಿಮೆ ಸರಿಹೋಯಿತು. ಬೆಂಜೀನಿನಲ್ಲಿ ಮೂರು ದ್ವಿಬಂಧ ಇದೆ ಅಂದುಕೊಂಡರೆ 360 ಬರಬೇಕು. ಬರುವುದು 208 ಮಾತ್ರ. 1930ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಕಿಸ್ಟಿಯಾಕೋವ್‌ಸ್ಕಿ ಮತ್ತು ಜೊತೆಗಾರರು ಈ ಶಾಖವನ್ನೆಲ್ಲ ಜತನದಿಂದ ಅಳೆದರು. ಕೊರತೆ ಬಿದ್ದ ಸುಮಾರು 150 ಕಿಲೋಜೂಲ್ ಬೆಂಜೀನ್ ಮೊದಲೇ ಕಳೆದುಕೊಂಡು ಕೆಳಗಿನ ಮಟ್ಟದಲ್ಲಿ ಕೂತಿದೆ. ಒಂದು ಎಚ್ಚರಿಕೆ: 208 ಅಳೆದ ಸಂಖ್ಯೆ, 360 ನಾವು ಊಹಿಸಿದ ಸಂಖ್ಯೆ. ಹಾಗಾಗಿ 150 ಎನ್ನುವುದು ಎಲ್ಲೂ ಇಲ್ಲದ ಒಂದು ಅಣುವಿನ ಜೊತೆ ಮಾಡಿದ ಹೋಲಿಕೆ. "ಬೆಂಜೀನನ್ನು ಒಡೆಯಲು 150 ಬೇಕು" ಎಂದು ಬರೆಯಬೇಡಿ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನೊಂದು ಕಳೆಯುವ ಲೆಕ್ಕ. 208ರಲ್ಲಿ 232 ಕಳೆಯಿರಿ. ಮೈನಸ್ 24. ಅಂದರೆ ಬೆಂಜೀನಿಗೆ ಮೊದಲ ಜೋಡಿ ಹೈಡ್ರೋಜನ್ ಸೇರಿಸಿದರೆ ಶಾಖ ಬರುವುದೇ ಇಲ್ಲ, ನಾವೇ ಕೈಯಿಂದ 24 ಕೊಡಬೇಕು. ದ್ವಿಬಂಧ ಇರುವ ಆಲ್ಕೀನ್‌ಗಳೆಲ್ಲ 120ರ ಆಸುಪಾಸು ಕೊಡುವ ಜಾಗದಲ್ಲಿ ಇದು ಕೇಳುತ್ತದೆ. ನಿಕ್ಕಲ್, ಬಿಸಿ, ಒತ್ತಡ ಎಲ್ಲ ಹಾಕಿ ಆ ಮೊದಲ ಮೆಟ್ಟಿಲು ದಾಟಿಸಿದಿರೋ, ಉಳಿದ ಎರಡು ಸಲೀಸಾಗಿ ಇಳಿಜಾರು. ಅದಕ್ಕೇ ಸಾಮಾನ್ಯವಾಗಿ ನಡುವೆ ಎಲ್ಲೂ ನಿಲ್ಲದೆ ನೇರ ಸೈಕ್ಲೋಹೆಕ್ಸೇನ್ ಆಗಿಬಿಡುತ್ತದೆ.

ಈ ಲೆಕ್ಕ ಕೈಯಲ್ಲಿದ್ದರೆ ಬ್ರೋಮಿನ್ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಬ್ಬಿಣದ ಪುಡಿ ಹಾಕಿದರೆ ಬ್ರೋಮಿನ್ ಜೊತೆ ಸೇರಿ ಫೆರಿಕ್ ಬ್ರೋಮೈಡ್ ಆಗುತ್ತದೆ. ಅದರ ನೆರವಿನಿಂದ ಬ್ರೋಮಿನ್ ಉಂಗುರದ ಒಂದು ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಇಲೆಕ್ಟ್ರಾನ್‌ಗಳ ಸುತ್ತು ಕಡಿದುಹೋಗುತ್ತದೆ. ಈಗ ಎರಡು ದಾರಿ. ಇನ್ನೊಂದು ಬ್ರೋಮಿನ್ ಸೇರಿಸಿಕೊಂಡು ಆಲ್ಕೀನಿನ ಹಾಗೆ ಉಳಿಯಬಹುದು, ಆಗ ಕಳೆದುಕೊಂಡ ಸ್ಥಿರತೆ ವಾಪಸ್ ಬರುವುದಿಲ್ಲ. ಇಲ್ಲವೇ ಅದೇ ಇಂಗಾಲದ ಮೇಲಿರುವ ಹೈಡ್ರೋಜನನ್ನು ಬಿಟ್ಟುಕೊಟ್ಟರೆ ಸುತ್ತು ಮತ್ತೆ ಕೂಡಿಕೊಳ್ಳುತ್ತದೆ. ಅದು ಆರಿಸುವುದು ಎರಡನೆಯದನ್ನು. ಬ್ರೋಮೋಬೆಂಜೀನ್ ಉಳಿಯುತ್ತದೆ, ಹೈಡ್ರೋಜನ್ ಬ್ರೋಮೈಡ್ ಹೊಗೆಯಾಗಿ ಹೊರಟುಹೋಗುತ್ತದೆ. ಒದ್ದೆ ನೀಲಿ ಲಿಟ್ಮಸ್ ಕೊಳವೆಯ ಬಾಯಿಗೆ ಹಿಡಿದರೆ ಕೆಂಪಾಗುತ್ತದೆ. ಬರೀ ಸೇರ್ಪಡೆ ನಡೆದಿದ್ದರೆ ಆ ಹೊಗೆ ಬರಬಾರದು.

ನೀವು ಪ್ರಯೋಗದ ಭಾಗವನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಿ. ಮಾಡಿ ನೋಡಿ ಬರೆದ ಹಾಗಿಲ್ಲ. ನಾನು ದಾವಣಗೆರೆಯಲ್ಲಿ ಓದುವಾಗ ಬೆಂಜೀನಿಗೆ ಬ್ರೋಮಿನ್ ನೀರು ಹಾಕಿ ಕುಲುಕಿ, ಕೆಳಗಿನ ನೀರಿನ ಬಣ್ಣ ಹೋಯಿತೆಂದು ರೆಕಾರ್ಡಿನಲ್ಲಿ "ಅಪರ್ಯಾಪ್ತ" ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಗೀಟು ಎಳೆದು, "ಬಣ್ಣ ಎಲ್ಲಿ ಹೋಯ್ತಮ್ಮ, ನೋಡು" ಎಂದರು. ಅದು ಮೇಲೆ ತೇಲುವ ಬೆಂಜೀನಿನ ಪದರದಲ್ಲಿ ಕಿತ್ತಳೆಯಾಗಿ ಕೂತಿತ್ತು. ಬ್ರೋಮಿನ್ ಅದರಲ್ಲಿ ಕರಗಿತ್ತು ಅಷ್ಟೇ, ಸೇರಿರಲಿಲ್ಲ. ಸೈಕ್ಲೋಹೆಕ್ಸೀನ್ ಆಗಿದ್ದರೆ ಎರಡೂ ಪದರ ತಿಳಿಯಾಗುತ್ತಿದ್ದವು. ನೀವು ಈಗ ಇದನ್ನು ಬೆಂಜೀನಿನಲ್ಲಿ ಮಾಡಲು ಹೋಗಬೇಡಿ, ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಟಾಲ್ವೀನ್ ಕೇಳಿ, ಅದೂ ಹೀಗೇ ಬಣ್ಣವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯನ್ನು ಬಿಸಿಲಿಗೆ ಇಡಬೇಡಿ.

ಕೊನೆಯ ಪ್ಯಾರಾದಲ್ಲಿ "ಬೆಂಜೀನ್ ಎಂದೂ ಸೇರ್ಪಡೆಗೆ ಒಪ್ಪುವುದಿಲ್ಲ" ಎಂದಿದ್ದೀರಿ. ಆ "ಎಂದೂ" ಹೊಡೆದುಹಾಕಿ. ನಿಮ್ಮ ಮನೆಯಲ್ಲಿ ಹತ್ತಿಯನ್ನೋ ಭತ್ತವನ್ನೋ ಬೆಳೆದ ಹಿರಿಯರಿದ್ದರೆ ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿಯ ಬಗ್ಗೆ ಕೇಳಿ ನೋಡಿ, ಆ ಕಮಟು ವಾಸನೆ ಅವರಿಗೆ ನೆನಪಿರುತ್ತದೆ. ಬೆಂಜೀನಿಗೆ ಬಿಸಿಲಲ್ಲಿ ಕ್ಲೋರಿನ್ ಹಾಯಿಸಿದರೆ ಬೆಳಕು ಕ್ಲೋರಿನನ್ನು ಬಿಡಿ ಪರಮಾಣುಗಳಾಗಿ ಸೀಳುತ್ತದೆ. ಅವು ಉಂಗುರದ ಸುತ್ತನ್ನು ಮುರಿದು, ನಡುವೆ ನಿಲ್ಲದೆ ಆರೂ ಸೇರಿಕೊಂಡು C6H6Cl6 ಆಗುತ್ತದೆ. ಬೆಂಜೀನನ್ನು ಮೊದಲು ಬೇರ್ಪಡಿಸಿದ ಫ್ಯಾರಡೆಯೇ 1825ರಲ್ಲಿ ಇದನ್ನೂ ಮಾಡಿದ್ದ. ಬಿ.ಎಚ್.ಸಿ. ಎಂದರೆ ಇದೇ. ಬೆಂಜೀನ್ ಹೆಕ್ಸಾಕ್ಲೋರೈಡ್ ಎಂಬ ಹೆಸರಿದ್ದರೂ ಅದರೊಳಗೆ ಬೆಂಜೀನ್ ಉಳಿದಿಲ್ಲ.

ಕೋಟೆಯ ಪ್ಯಾರಾ ತೆಗೆದು, ಆ ಜಾಗಕ್ಕೆ ಮೈನಸ್ 24ರ ಲೆಕ್ಕ ಹಾಕಿ, ಟಾಲ್ವೀನ್ ಕೊಳವೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ. ಎರಡು ಪುಟ ಸಾಕು.