ವೇದಿಕೆ ಏರುವ ಮುನ್ನ ಏಳು ನಿಮಿಷ

ಸುಮಾ (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ) ಪದವಿಪೂರ್ವ ಕಾಲೇಜೊಂದರ ಉಪನ್ಯಾಸಕಿ. ವಯಸ್ಸು 34. "ಮೇಡಂ, ಈ ಸಲವೂ ಅತಿಥಿಗಳ ಪರಿಚಯವನ್ನು ನನಗೇ ವಹಿಸಿದ್ದಾರೆ. ಆ ದಿನ ರಜೆ ಹಾಕಿಬಿಡಲೇ?" ಎಂದು ಕೇಳುತ್ತಲೇ ನನ್ನ ಸಮಾಲೋಚನಾ ಕೊಠಡಿಯೊಳಗೆ ಬಂದರು. ಕಾರ್ಯಕ್ರಮಕ್ಕೆ ಇನ್ನೂ ಮೂರು ವಾರವಿತ್ತು, ನಿದ್ದೆ ಆಗಲೇ ಕೆಟ್ಟಿತ್ತು.

ಹಿಂದಿನ ವರ್ಷ ಮುಖ್ಯ ಅತಿಥಿಯಾಗಿ ಬಂದವರು ಒಬ್ಬ ವೈದ್ಯೆ. ಹಳೆಯ ಸಂದರ್ಶನವೊಂದರಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡು ಸುಮಾ, "ಸ್ವತಃ ಕ್ಯಾನ್ಸರ್ ಗೆದ್ದು ಬಂದವರು" ಎಂದು ಅಭಿಮಾನದಿಂದಲೇ ಪರಿಚಯಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಅತಿಥಿ ತಲೆ ಎತ್ತಲಿಲ್ಲ. ಎದುರಿಗಿದ್ದ ನೀರಿನ ಲೋಟವನ್ನು ಮೆಲ್ಲಗೆ ತಿರುಗಿಸುತ್ತಾ ಕುಳಿತರು. ಅರ್ಧ ಗಂಟೆ ಮಾತನಾಡಬೇಕಾದವರು ಹತ್ತೇ ನಿಮಿಷಕ್ಕೆ ಮುಗಿಸಿದರು. ಹೊರಡುವಾಗ "ಅದೊಂದನ್ನು ಹೇಳಬಾರದಿತ್ತಮ್ಮ" ಎಂದರಂತೆ.

ಇದನ್ನು ಸಭಾಕಂಪನವೆಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ದಿನವೂ ಎಂಬತ್ತು ಮಕ್ಕಳ ಮುಂದೆ ಪಾಠ ಮಾಡುವಾಗ ಅವರ ಧ್ವನಿ ನಡುಗುವುದಿಲ್ಲ. ಇನ್ನೊಬ್ಬರ ಬದುಕಿನ ಬಗ್ಗೆ ಅವರನ್ನು ಕೇಳದೆ ಮಾತನಾಡಿ ನೋಯಿಸಿದ ನೆನಪು ಸುಮಾ ಅವರನ್ನು ಕಾಡುತ್ತಿತ್ತು. ಅಂಥ ಭಯಕ್ಕೆ ಉಸಿರಾಟದ ಅಭ್ಯಾಸವೊಂದೇ ಸಾಲದು, ಕೇಳುವ ದಾರಿ ಬೇಕು. ಆದ್ದರಿಂದ ಸಭೆಗೆ ಮುನ್ನ ಅತಿಥಿಯ ಜೊತೆ ಏಳೆಂಟು ನಿಮಿಷ ಕುಳಿತುಕೊಳ್ಳುವುದನ್ನು ನಾವಿಬ್ಬರೂ ಅಭ್ಯಾಸ ಮಾಡಿದೆವು. ನಾನು ಅತಿಥಿಯಾದೆ, ಅವರು ಬರೆದದ್ದನ್ನು ಓದಿದರು. ಮೊದಲ ಸಲ ನಾಲ್ಕು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಪದವಿ, ಪ್ರಶಸ್ತಿಗಳ ಪಟ್ಟಿಯನ್ನು ಕತ್ತರಿಸಿ, ಈ ವಿಷಯದ ಬಗ್ಗೆ ಈ ಸಭೆಗೆ ಇವರೇ ಏಕೆ ಮಾತನಾಡಬೇಕು ಎನ್ನುವಷ್ಟನ್ನು ಉಳಿಸಿದಾಗ ಒಂದೂವರೆ ನಿಮಿಷಕ್ಕೆ ಇಳಿಯಿತು.

"ಏನು ಹೇಳಬೇಡ ಅಂತೀರಿ?" ಎಂದು ಬರಿದಾಗಿ ಕೇಳಿದರೆ ಹೆಚ್ಚಿನವರು ಸಂಕೋಚದಿಂದ "ಏನಾದರೂ ಹೇಳಿ, ಪರವಾಗಿಲ್ಲ" ಎನ್ನುತ್ತಾರೆ. ವೈದ್ಯೆಯನ್ನು ಕೇಳಿದ್ದರೂ ಬಹುಶಃ ಅದೇ ಉತ್ತರ ಬರುತ್ತಿತ್ತು. ಹಾಗಾಗಿ ಬರೆದದ್ದನ್ನೇ ಓದಿ ಹೇಳಿ, ಪೆನ್ನನ್ನು ಅವರ ಕೈಗೆ ಕೊಡಿ ಎಂದೆ. ಕಣ್ಣ ಮುಂದೆ ಸಾಲು ಇದ್ದಾಗ ಅದನ್ನು ಹೊಡೆದುಹಾಕುವುದು ಸುಲಭ. ಕಾರಣ ಕೇಳಕೂಡದು. ಕಾಫಿ, ಹಾರದ ಗದ್ದಲ ಶುರುವಾಗುವ ಮೊದಲೇ, ಪ್ರಾಂಶುಪಾಲರ ಕೊಠಡಿಯಿಂದ ಸ್ವಲ್ಪ ಪಕ್ಕಕ್ಕೆ ಕರೆದು ಕೂರಿಸಬೇಕು; ಹತ್ತು ಜನರ ನಡುವೆ ಯಾರೂ ತಮ್ಮ ನೋವಿನ ಸಾಲಿನ ಮೇಲೆ ಗೆರೆ ಎಳೆಯುವುದಿಲ್ಲ.

ಈ ಸಲದ ಅತಿಥಿ ಒಬ್ಬ ನಿವೃತ್ತ ಅರಣ್ಯಾಧಿಕಾರಿ. ಹಾಳೆ ನೋಡಿ ಎರಡು ಕಡೆ ಗೆರೆ ಎಳೆದರು. ಒಂದು, ಹಿಂದೊಮ್ಮೆ ಅಮಾನತಾಗಿ ಮತ್ತೆ ಸೇವೆಗೆ ಮರಳಿದ ಸಂಗತಿ. ಸುಮಾ ಅದನ್ನು ಅವರ ಧೈರ್ಯಕ್ಕೆ ಸಾಕ್ಷಿಯೆಂದು ಬರೆದಿದ್ದರು. ಇನ್ನೊಂದು, ಕಾಫಿ ತೋಟದ ಹಳ್ಳಕ್ಕೆ ಬಿದ್ದ ಮರಿಯಾನೆಯ ಕಥೆ. "ನಾನು ಅದರಿಂದಲೇ ಶುರು ಮಾಡುವುದಮ್ಮ, ನೀವು ಹೇಳಿಬಿಟ್ಟರೆ ನನಗೇನು ಉಳಿಯಿತು?" ಎಂದರಂತೆ. ಕಾಲದ ಮಾತು ಬಂದಾಗ ಅವರು ಒಂದು ಗಂಟೆಗೆ ಸಿದ್ಧವಾಗಿ ಬಂದಿದ್ದುದು ತಿಳಿಯಿತು. ಕಾರ್ಯಕ್ರಮದಲ್ಲಿ ಅವರಿಗಿದ್ದದ್ದು ಮೂವತ್ತು ನಿಮಿಷ. ಇಪ್ಪತ್ತೈದಕ್ಕೆ ಮೊದಲ ಸಾಲಿನಲ್ಲಿ ಕುಳಿತ ಸುಮಾ ಹಳದಿ ಹಾಳೆ ಎತ್ತುವುದು ಎಂದು ಒಪ್ಪಿಕೊಂಡರು.

ಸನ್ನೆಯ ವಿಷಯದಲ್ಲೂ ಹಾಗೆಯೇ ನಿಖರವಾಗಿರಬೇಕು ಎಂದಿದ್ದೆ. ಪರಿಚಯದಲ್ಲಿ ಅತಿಥಿಯ ಹೆಸರು ಒಮ್ಮೆ ಆರಂಭದಲ್ಲಿ, ಇನ್ನೊಮ್ಮೆ ಕೊನೆಯಲ್ಲಿ. ಆ ಕೊನೆಯ ಹೆಸರೇ ಎದ್ದು ಬರುವ ಸನ್ನೆ. ಅದರ ನಂತರ ಒಂದು ಮಾತೂ ಬೇಡ. ನಡುವೆ ಮತ್ತೆ ಮತ್ತೆ ಹೆಸರು ಹೇಳಿದರೆ ಅತಿಥಿ ಅರ್ಧ ಎದ್ದು ಮತ್ತೆ ಕೂರುವಂತಾಗುತ್ತದೆ. ನಮ್ಮ ಸಭೆಗಳಲ್ಲಿ ಪರಿಚಯಕ್ಕೂ ಭಾಷಣಕ್ಕೂ ನಡುವೆ ಶಾಲು, ಫಲತಾಂಬೂಲ ಬರುವುದುಂಟು. ಹಾಗಿದ್ದರೆ ಸನ್ಮಾನ ಮುಗಿದ ಮೇಲೆ ಮೈಕಿಗೆ ಕರೆಯುವವರು ಯಾರು ಎಂದು ನಿರೂಪಕರ ಜೊತೆಗೂ ಮಾತನಾಡಿಕೊಳ್ಳಬೇಕು.

ಒಂದು ವಿಷಯ ನನಗೆ ಮೊದಲು ಹೊಳೆದಿರಲಿಲ್ಲ, ಸುಮಾ ತಾವೇ ಎತ್ತಿದರು: "ನಾನು ಬಿಟ್ಟದ್ದನ್ನು ಅಧ್ಯಕ್ಷರು ಹೇಳಿಬಿಟ್ಟರೆ?" ನ್ಯಾಯವಾದ ಅಳುಕು. ಅಧ್ಯಕ್ಷರ ಕೈಯಲ್ಲೂ ವಂದನಾರ್ಪಣೆ ಮಾಡುವವರ ಕೈಯಲ್ಲೂ ಅದೇ ಹಳೆಯ ವಿವರದ ಹಾಳೆ ಇರುತ್ತದೆ. ಅತಿಥಿಯ ಒಪ್ಪಿಗೆ ಪಡೆದು, ಕಾರಣ ಹೇಳದೆ, ತಿದ್ದಿದ ಹಾಳೆಯನ್ನೇ ಅವರಿಗೂ ಕೊಡುವುದೆಂದು ತೀರ್ಮಾನಿಸಿದೆವು.

ಅತಿಥಿ ತಡವಾಗಿ ಬಂದರೆ ಈ ಭೇಟಿ ಸಾಧ್ಯವಾಗದು. ಅದಕ್ಕೆಂದೇ ಹಿಂದಿನ ಸಂಜೆ ಫೋನಿನಲ್ಲಿ ಓದಿ ಹೇಳುವುದು ಒಳ್ಳೆಯದು. ಅದೂ ಆಗದಿದ್ದರೆ ಹೆಸರು, ಈಗಿನ ಹುದ್ದೆ, ಇಂದಿನ ವಿಷಯ, ಇಷ್ಟನ್ನೇ ಹೇಳಿ ನಿಲ್ಲಿಸಬೇಕು.

ಕಾರ್ಯಕ್ರಮದ ಮರುದಿನ ಸುಮಾ ಫೋನ್ ಮಾಡಿದರು. ಕೈ ನಡುಗಿತ್ತಂತೆ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಓದಿದ್ದರು. ಕೊನೆಯ ಹೆಸರು ಹೇಳಿ ಒಂದು ಹೆಜ್ಜೆ ಹಿಂದೆ ಸರಿದಾಗ ಅತಿಥಿ ಎದ್ದು ಬಂದು, ಮೈಕಿನ ಮುಂದೆ ನಿಂತು, ಮರಿಯಾನೆಯಿಂದಲೇ ಶುರು ಮಾಡಿದರಂತೆ.