ಆಡಿಟರ್ ಬರುವ ಮುಂಚೆ ಯಾವ ಕಾಗದದ ಹಿಂದೆ ಓಡಬೇಕು?

ಪ್ರಶ್ನೆ: ಮಂಗಳೂರಿನ ಗೇರುಬೀಜ ಎಕ್ಸ್‌ಪೋರ್ಟ್ ಕಂಪನಿಗೆ ಫೈನಾನ್ಸ್ ಮ್ಯಾನೇಜರ್ ಆಗಿ ಹೊಸದಾಗಿ ಸೇರಿದ್ದೇನೆ. ಮೇ ತಿಂಗಳಲ್ಲಿ ಆಡಿಟ್. ಅರವತ್ತು ಐಟಂಗಳ ಪಟ್ಟಿ ಕಳಿಸಿದ್ದಾರೆ. ಎಲ್ಲಿಂದ ಶುರು ಮಾಡಲಿ? ಪ್ರತಿ ವರ್ಷ ತಡ ಆಗುವುದು ಯಾಕೆ?

ಉತ್ತರ: ನಾನೂ ಬೈಕಂಪಾಡಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಪಟ್ಟಿಯನ್ನು ಒಂದರಿಂದ ಅರವತ್ತರವರೆಗೆ ಸಾಲಾಗಿ ಮಾಡಲು ಹೋಗಬೇಡಿ. ಪ್ರತಿ ಐಟಂ ಮುಂದೆ ಆ ಕಾಗದ ಈಗ ಯಾರ ಕೈಯಲ್ಲಿದೆ ಅಂತ ಬರೆಯಿರಿ. ಟ್ಯಾಲಿಯಲ್ಲಿ, ನಿಮ್ಮ ಕಪಾಟಿನಲ್ಲಿ ಇರುವುದು ಎರಡು ದಿನದಲ್ಲಿ ಸಿಗುತ್ತದೆ. ತಡ ಆಗುವುದು ಹೊರಗಿನವರಿಂದ ಬರಬೇಕಾದದ್ದು: ಬ್ಯಾಂಕಿನ ಪತ್ರ, ಗಿರಾಕಿಗಳ ಬ್ಯಾಲೆನ್ಸ್ ಕನ್ಫರ್ಮೇಶನ್, ಗ್ರಾಚ್ಯುಟಿ ವ್ಯಾಲ್ಯುವೇಶನ್, ಕ್ಲಿಯರಿಂಗ್ ಏಜೆಂಟ್ ಹತ್ತಿರ ಇರುವ ಬಿಲ್ ಆಫ್ ಲೇಡಿಂಗ್. ಇವನ್ನು ಏಪ್ರಿಲ್ ಮೊದಲ ವಾರವೇ ಕೇಳಿ.

ಕನ್ಫರ್ಮೇಶನ್ ವಿಷಯದಲ್ಲಿ ಒಂದು ಎಚ್ಚರ. ಪತ್ರ ನಮ್ಮ ಲೆಟರ್‌ಹೆಡ್‌ನಲ್ಲಿ, ನಮ್ಮ ಸಹಿಯಲ್ಲಿ ಹೋಗುತ್ತದೆ. ಆದರೆ ಕಳಿಸುವವರು ಆಡಿಟರ್, ಉತ್ತರವೂ ನೇರ ಅವರಿಗೇ ಬರಬೇಕು. ಬೇಗ ಆಗಲಿ ಅಂತ ನಾವೇ ತರಿಸಿಕೊಟ್ಟರೆ ಅವರು ಮತ್ತೆ ಕಳಿಸಬೇಕಾಗುತ್ತದೆ. ನಾವು ಮಾಡಬಹುದಾದದ್ದು ಗಿರಾಕಿಯ ಅಕೌಂಟ್ಸ್‌ನವರ ಸರಿಯಾದ ಇಮೇಲ್ ಹುಡುಕಿಕೊಡುವುದು, ಪತ್ರ ಬರುತ್ತದೆ ಅಂತ ಅವರಿಗೆ ಫೋನ್ ಮಾಡಿ ಹೇಳುವುದು.

ಇನ್ನು ನಮ್ಮ ವ್ಯಾಪಾರದಲ್ಲಿ ಜಾಸ್ತಿ ಪೆಟ್ಟು ಬೀಳುವುದು ಮಾರ್ಚ್ ಕೊನೆಯ ವಾರದ ಕಂಟೇನರ್‌ಗಳಿಂದ. ಒಂದು ವರ್ಷ ನನಗೇ ಆಯಿತು. ಮಾರ್ಚ್ 29ಕ್ಕೆ ಇನ್‌ವಾಯ್ಸ್, 30ಕ್ಕೆ ಲಾರಿ ಪಣಂಬೂರಿಗೆ ಹೊರಟಿತು. 22.68 ಕೆಜಿಯ 700 ಬಾಕ್ಸ್, ಅಂದರೆ 15,876 ಕೆಜಿ ತಿರುಳು. ಮಾರಾಟ ಮಾರ್ಚ್‌ನಲ್ಲೇ ಬರೆದುಬಿಟ್ಟೆವು. ಏಪ್ರಿಲ್ ಮಧ್ಯದಲ್ಲಿ ಬಿಲ್ ಆಫ್ ಲೇಡಿಂಗ್ ಕೈಗೆ ಬಂದಾಗ ಹಡಗಿಗೆ ಏರಿದ ತಾರೀಕು ಏಪ್ರಿಲ್ 2 ಅಂತ ಇತ್ತು. ಯಾರೂ ಅದನ್ನು ನೋಡದೆ ಫೈಲಿಗೆ ಹಾಕಿದರು. ನಮ್ಮ ಒಪ್ಪಂದ ಎಫ್‌ಒಬಿ. ಸರಕು ಹಡಗಿಗೆ ಏರುವವರೆಗೆ ನಮ್ಮದೇ ಅಲ್ವಾ? ಹಾಗಾಗಿ ಅದು ಮುಂದಿನ ವರ್ಷದ ಮಾರಾಟ.

ಆಡಿಟರ್ ಕಡೆಯ ಹುಡುಗಿ ಮೇ ತಿಂಗಳಲ್ಲಿ ಅದನ್ನು ಹಿಡಿದಳು. ಮಾರಾಟ ಮತ್ತು ಗಿರಾಕಿಯ ಬಾಕಿ ತೆಗೆದದ್ದಷ್ಟೇ ಸಾಲಲಿಲ್ಲ. 31ರಂದು ಕಾರ್ಖಾನೆಯಲ್ಲಿ ಸ್ಟಾಕ್ ಎಣಿಸಿದಾಗ ಈ 700 ಬಾಕ್ಸ್ ಅಲ್ಲಿರಲಿಲ್ಲ, ಎಣಿಕೆಯ ಹಾಳೆಯಲ್ಲೂ ಇಲ್ಲ. ಅವನ್ನು ಮಾರಾಟದ ಬೆಲೆಗಲ್ಲ, ಅಸಲು ಬೆಲೆಗೆ ಸ್ಟಾಕ್‌ಗೆ ಸೇರಿಸಬೇಕಾಯಿತು. ಲಾಭ ಬದಲಾಯಿತು, ಟ್ಯಾಕ್ಸ್ ಲೆಕ್ಕ ಬದಲಾಯಿತು. ಆಮೇಲೆ ಉಳಿದ ಕಂಟೇನರ್‌ಗಳನ್ನೂ ಒಂದೊಂದಾಗಿ ನೋಡಿದರು. ನಾಲ್ಕು ದಿನ ಹೋಯಿತು.

ಈಗ ನಾನು ಒಂದು ಸಣ್ಣ ಹಾಳೆ ಇಡುತ್ತೇನೆ. ಮಾರ್ಚ್ 20ರಿಂದ ಏಪ್ರಿಲ್ 10ರವರೆಗಿನ ಪ್ರತಿ ಕಂಟೇನರ್‌ಗೆ ಇನ್‌ವಾಯ್ಸ್ ತಾರೀಕು, ಗೇಟ್ ದಾಟಿದ ತಾರೀಕು, ಹಡಗಿಗೆ ಏರಿದ ತಾರೀಕು. ಮೂರನೆಯದು ಏಪ್ರಿಲ್‌ಗೆ ಹೋಗಿದ್ದರೆ ನಾವೇ ಸರಿಮಾಡಿ, ಆಮೇಲೆ ಟ್ರಯಲ್ ಬ್ಯಾಲೆನ್ಸ್ ಕೊಡುತ್ತೇವೆ. ಕೊಟ್ಟ ಮೇಲೆ ಹಳೆ ವರ್ಷದ ಎಂಟ್ರಿ ಯಾರೂ ಸುಮ್ನೆ ಮುಟ್ಟುವ ಹಾಗಿಲ್ಲ. ಬೇಕೇ ಬೇಕಾದರೆ ಆಡಿಟರ್‌ಗೆ ಹೇಳಿ ಪ್ರತ್ಯೇಕ ಜರ್ನಲ್ ಹಾಕುತ್ತೇವೆ.